ಬೆಂಕಿ ಬಿದ್ರೆ ಮೈಕಲ್ಲಿ ಓದೋ ಹಾಳೆ

ನಮ್ಮ ಹೋಟೆಲ್ ರಿಸೆಪ್ಷನ್ ಮೈಕ್ ಪಕ್ಕ ಅಂಟಿಸಿರೋ ಹಳೇ ಹಾಳೆ ಕಿತ್ತಾಕಿ ಇದನ್ನ ಹಾಕಿದೀನಿ. ಒಂದು ಕಾಪಿ ಹೌಸ್‌ಕೀಪಿಂಗ್ ರೂಮಲ್ಲಿದೆ, ಇನ್ನೊಂದು ಗೇಟ್ ಸೆಕ್ಯುರಿಟಿ ಹತ್ರ. ನೈಟ್ ಶಿಫ್ಟಲ್ಲಿ ಒಬ್ರೇ ಇರೋರು ಒಂದ್ಸಲ ಜೋರಾಗಿ ಓದಿ ಬಾಯಿಗೆ ಕೂರಿಸ್ಕೊಳಿ, ಬೆಂಕಿ ಬಿದ್ದಾಗ ಮೊದಲನೇ ಸಲ ಓದೋಕೆ ಹೋದ್ರೆ ನಾಲಿಗೆ ತಿರುಗಲ್ಲ. ಆರೂ ಭಾಷೆ ಕನ್ನಡದಲ್ಲೇ ಬರ್ದಿದೀನಿ, ಹೆಂಗಿದೆಯೋ ಹಂಗೇ ಓದಿ, ಉಚ್ಚಾರ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ಅವರಿಗೆ ಅರ್ಥ ಆಗತ್ತೆ. ಯಾರೂ ನಗಲ್ಲ ಆ ಟೈಮಲ್ಲಿ.

ಮೈಕ್ ಹಿಡಿಯೋ ಮುಂಚೆ ಫೈರ್ ಅಲಾರಂ ಪ್ಯಾನೆಲ್ ನೋಡಿ, ಯಾವ ಮಹಡಿ ಅಂತ ತಿಳ್ಕೊಳಿ, ಬೆಲ್ ನಿಲ್ಸಿ. ಬೆಲ್ ಹೊಡೀತಿರೋವಾಗ ಮೈಕಲ್ಲಿ ಏನು ಹೇಳಿದ್ರೂ ಕಾರಿಡಾರಲ್ಲಿ ಬರೀ ಗಲಾಟೆ ಕೇಳ್ಸತ್ತೆ. ಓದಿ ಮುಗ್ಸಿದ್ಮೇಲೆ ಮತ್ತೆ ಬೆಲ್ ಆನ್ ಮಾಡಿ. ಇಬ್ರಿದ್ರೆ ಒಬ್ರು 112ಕ್ಕೆ ಫೋನ್, ಇನ್ನೊಬ್ರು ಮೈಕ್. ಒಬ್ರೇ ಇದ್ರೆ ಮೊದಲನೇ ಸುತ್ತು ಓದಿ, ಆಮೇಲೆ ಫೋನ್, ಆಮೇಲೆ ಎರಡನೇ ಸುತ್ತು.

ಮೊದಲನೇ ಸುತ್ತು. ಇದು ಚಿಕ್ಕದು, ನಿಲ್ಲಿಸದೇ ಆರೂ ಭಾಷೇಲಿ ಓದಿ. ಹಳೇ ಹಾಳೇಲಿ ಕನ್ನಡದ ಉದ್ದ ಪ್ಯಾರಾ ಮುಗಿದು, ಇಂಗ್ಲಿಷ್ ಮುಗಿದು, ಹಿಂದಿ ಮುಗಿದು ಮಲಯಾಳಂ ಬರೋಷ್ಟೊತ್ತಿಗೆ ಒಂದೂವರೆ ನಿಮಿಷ ಆಗಿರ್ತಿತ್ತು, ಅಷ್ಟೊತ್ತು ಕೋಳಿಕೋಡಿಂದ ಬಂದ ಫ್ಯಾಮಿಲಿ ಹಾಸಿಗೆ ಮೇಲೆ ಕೂತು ಏನಾಯ್ತು ಅಂತ ಮುಖ ಮುಖ ನೋಡ್ಕೋಬೇಕಾ?

ಬೆಂಕಿ! ಬೆಂಕಿ! ಈಗಲೇ ಹೊರಗೆ ಬನ್ನಿ. ಲಿಫ್ಟ್ ಬೇಡ. ಮೆಟ್ಟಿಲು ಇಳಿದು ಬನ್ನಿ.

ಫೈರ್! ಫೈರ್! ಲೀವ್ ನೌ. ನೋ ಲಿಫ್ಟ್, ನೋ ಎಲಿವೇಟರ್. ಯೂಸ್ ದ ಸ್ಟೇರ್ಸ್.

ಆಗ್! ಆಗ್! ಅಭೀ ಬಾಹರ್ ನಿಕಲಿಯೇ. ಲಿಫ್ಟ್ ನಹೀ. ಸೀಢಿಯೋ ಸೇ ಆಯಿಯೇ.

ತೀ! ತೀ! ಉಡನೇ ವೆಳಿಯ ವಾಂಗ. ಲಿಫ್ಟ್ ವೇಂಡಾಂ. ಪಡಿಯಿಲ ಇರಂಗುಂಗ.

ತೀ! ತೀ! ಉಡನೆ ಪುರತ್ತಿರಂಙುಕ. ಲಿಫ್ಟ್ ವೇಂಡ. ಕೋಣಿ ಇರಂಙಿ ವರುಕ.

ಮಂಟಲು! ಮಂಟಲು! ವೆಂಟನೇ ಬಯಟಕು ರಂಡಿ. ಲಿಫ್ಟ್ ವದ್ದು. ಮೆಟ್ಲು ದಿಗಿ ರಂಡಿ.

ಎಲಿವೇಟರ್ ಅನ್ನೋ ಪದ ಯಾಕೆ ಅಂದ್ರೆ ಮೈಸೂರಿನ ಗೋಕುಲಂ ಬಡಾವಣೆಗೆ ಯೋಗ ಕಲಿಯೋಕೆ ಬರೋ ಅಮೆರಿಕದವರು ಲಿಫ್ಟ್ ಅನ್ನಲ್ಲ. ಮತ್ತೆ ಬೆಂಕಿ ಅನ್ನೋ ಪದ ನುಂಗಬೇಡಿ. ತಾಂತ್ರಿಕ ಕಾರಣ, ಸಣ್ಣ ತೊಂದರೆ ಅಂತೆಲ್ಲ ಹೇಳಿದ್ರೆ ಗೆಸ್ಟ್ ಹೊದ್ದು ಮಲಗ್ತಾರೆ, ನಾನಾದ್ರೂ ಮಲಗ್ತೀನಿ.

ಎರಡನೇ ಸುತ್ತು. ಈಗ ನಿಧಾನಕ್ಕೆ, ಒಂದೊಂದು ವಾಕ್ಯ ಆದ್ಮೇಲೆ ಒಂದು ಉಸಿರು ಬಿಟ್ಟು ಓದಿ. ಕಾರಿಡಾರಲ್ಲಿ ದನಿ ಗುಂಯ್ ಅನ್ನತ್ತೆ, ಬೇಗ ಓದಿದ್ರೆ ಒಂದರ ಮೇಲೊಂದು ಬೀಳತ್ತೆ.

ಕನ್ನಡ:
ದಯವಿಟ್ಟು ಕೇಳಿಸ್ಕೊಳ್ಳಿ. ಹೋಟೆಲ್‌ನಲ್ಲಿ ಬೆಂಕಿ ಬಿದ್ದಿದೆ. ಎಲ್ಲರೂ ಈಗಲೇ ಹೊರಗೆ ಬನ್ನಿ. ಲಿಫ್ಟ್ ಬಳಸಬೇಡಿ. ಮೆಟ್ಟಿಲು ಇಳಿದು ಬನ್ನಿ. ಸಾಮಾನು ರೂಮಲ್ಲೇ ಬಿಡಿ. ಹೊಗೆ ಇದ್ರೆ ಬಗ್ಗಿ ನಡೀರಿ. ಗೇಟಿನ ಹೊರಗೆ ಹಸಿರು ಬೋರ್ಡ್ ಹತ್ರ ನಿಲ್ಲಿ.

ಇಂಗ್ಲಿಷ್:
ಅಟೆನ್ಶನ್ ಪ್ಲೀಸ್. ದೇರ್ ಈಸ್ ಎ ಫೈರ್ ಇನ್ ದ ಹೋಟೆಲ್. ಎವ್ರಿಬಡಿ, ಲೀವ್ ನೌ. ಡು ನಾಟ್ ಯೂಸ್ ದ ಲಿಫ್ಟ್. ಯೂಸ್ ದ ಸ್ಟೇರ್ಸ್. ಲೀವ್ ಯುವರ್ ಬ್ಯಾಗ್ಸ್. ಇಫ್ ಯು ಸೀ ಸ್ಮೋಕ್, ಸ್ಟೇ ಲೋ. ಗೋ ಔಟ್‌ಸೈಡ್ ದ ಗೇಟ್, ಟು ದ ಗ್ರೀನ್ ಬೋರ್ಡ್.

ಹಿಂದಿ:
ಕೃಪಯಾ ಧ್ಯಾನ್ ದೀಜಿಯೇ. ಹೋಟೆಲ್ ಮೇ ಆಗ್ ಲಗೀ ಹೈ. ಸಬ್ ಲೋಗ್ ಅಭೀ ಬಾಹರ್ ನಿಕಲಿಯೇ. ಲಿಫ್ಟ್ ಮತ್ ಲೀಜಿಯೇ. ಸೀಢಿಯೋ ಸೇ ಉತರಿಯೇ. ಸಾಮಾನ್ ಕಮರೇ ಮೇ ಛೋಡ್ ದೀಜಿಯೇ. ಧುಂವಾ ಹೋ ತೋ ಝುಕ್ ಕರ್ ಚಲಿಯೇ. ಗೇಟ್ ಕೇ ಬಾಹರ್, ಹರೇ ಬೋರ್ಡ್ ಕೇ ಪಾಸ್ ಖಡೇ ರಹಿಯೇ.

ತಮಿಳು:
ದಯವುಸೆಂಜು ಕವನಿಂಗ. ಹೋಟ್ಟಲ್ಲ ತೀ ಪಿಡಿಚ್ಚಿರುಕ್ಕು. ಎಲ್ಲಾರುಂ ಉಡನೇ ವೆಳಿಯ ವಾಂಗ. ಲಿಫ್ಟ್ ಯೂಸ್ ಪಣ್ಣಾದೀಂಗ. ಪಡಿಯಿಲ ಇರಂಗುಂಗ. ಸಾಮಾನ್ ಎಡುಕ್ಕಾದೀಂಗ. ಪುಗೆ ಇರುಂದಾ ಕುನಿಂಜು ನಡಂಗ. ಗೇಟುಕ್ಕು ವೆಳಿಯ, ಪಚ್ಚೆ ಬೋರ್ಡ್ ಕಿಟ್ಟ ನಿಲ್ಲುಂಗ.

ಮಲಯಾಳಂ:
ದಯವಾಯಿ ಶ್ರದ್ಧಿಕ್ಕುಕ. ಹೋಟ್ಟಲಿಲ್ ತೀ ಪಿಡಿಚ್ಚಿರಿಕ್ಕುನ್ನು. ಎಲ್ಲಾವರುಂ ಉಡನೆ ಪುರತ್ತಿರಂಙುಕ. ಲಿಫ್ಟ್ ಉಪಯೋಗಿಕ್ಕರುದ್. ಕೋಣಿ ಇರಂಙಿ ವರುಕ. ಸಾಧನಂಙಳ್ ಎಡುಕ್ಕರುದ್. ಪುಗ ಉಂಡೆಂಗಿಲ್ ಕುನಿಞ್ಞು ನಡಕ್ಕುಕ. ಗೇಟ್ಟಿನು ಪುರತ್ತ್, ಪಚ್ಚ ಬೋರ್ಡಿನಡುತ್ತ್ ನಿಲ್ಕುಕ.

ತೆಲುಗು:
ದಯಚೇಸಿ ವಿನಂಡಿ. ಹೋಟಲ್‌ಲೋ ಮಂಟಲು ಅಂಟುಕುನ್ನಾಯಿ. ಅಂದರೂ ವೆಂಟನೇ ಬಯಟಕು ರಂಡಿ. ಲಿಫ್ಟ್ ವಾಡವದ್ದು. ಮೆಟ್ಲು ದಿಗಿ ರಂಡಿ. ಸಾಮಾನು ಗದಿಲೋನೇ ವದಿಲೇಯಂಡಿ. ಪೊಗ ಉಂಟೇ ವಂಗಿ ನಡವಂಡಿ. ಗೇಟ್ ಬಯಟ, ಆಕುಪಚ್ಚ ಬೋರ್ಡು ದಗ್ಗರ ನಿಲಬಡಂಡಿ.

ತೆಲುಗಲ್ಲಿ ಆಕುಪಚ್ಚ ಅಂತಲೇ ಓದಿ, ಬರೀ ಪಚ್ಚ ಅಂದ್ರೆ ಕೆಲವರು ಹಳದಿ ಅಂದ್ಕೋತಾರೆ. ಮೊದಲು ನಾನು ಎಲ್ಲ ಭಾಷೇಲೂ ಬೇವಿನ ಮರದ ಕೆಳಗೆ ಅಂತ ಬರ್ದಿದ್ದೆ, ಆಮೇಲೆ ಹೊಳೀತು, ನಿನ್ನೆ ರಾತ್ರಿ ಬಂದು ಇಳಿದವರಿಗೆ ಕತ್ತಲಲ್ಲಿ ಯಾವ್ದು ಬೇವು ಯಾವ್ದು ಹೊಂಗೆ ಅಂತ ಹೆಂಗ್ ಗೊತ್ತಾಗ್ಬೇಕು. ಅದಕ್ಕೇ ಬೋರ್ಡ್, ಅದರ ಲೈಟ್ ಬ್ಯಾಟರಿ ಮೇಲೆ ಉರಿಯತ್ತೆ.

ನಾಲ್ಕು ಮಹಡಿಯವರೂ ಇಳಿದು ಮುಗಿಯೋವರೆಗೆ ಎರಡನೇ ಸುತ್ತನ್ನೇ ತಿರುಗ್ಸಿ ತಿರುಗ್ಸಿ ಓದ್ತಿರಿ. ರಿಸೆಪ್ಷನ್‌ಗೆ ಹೊಗೆ ಬಂದ್ರೆ ಮೈಕ್ ಬಿಟ್ಟು ನೀವೂ ಹೊರಗೆ ನಡೀರಿ, ರಿಜಿಸ್ಟರ್ ಎತ್ಕೊಳಿ, ಕ್ಯಾಶ್ ಬಾಕ್ಸ್ ಬೇಡ.

ಈಗ ನಮ್ಮ ಬಿಲ್ಡಿಂಗ್‌ದೇ ಒಂದು ಕಥೆ. ಕರೆಂಟ್ ಪ್ಯಾನೆಲ್ ಇರೋದು ಬೇಸ್‌ಮೆಂಟಲ್ಲಿ, ಲಿಫ್ಟ್ ಓಡಾಡೋ ಶಾಫ್ಟ್ ಪಕ್ಕಾನೇ. ಅಲ್ಲಿ ಶಾರ್ಟ್ ಸರ್ಕ್ಯೂಟ್ ಆದ್ರೆ ಹೊಗೆ ಲಿಫ್ಟ್ ಶಾಫ್ಟ್ ಹಿಡ್ಕೊಂಡು ಚಿಮಣಿ ಥರ ಮೇಲೆ ಏರತ್ತೆ, ಲಿಫ್ಟ್ ಪಕ್ಕದ ಮೆಟ್ಟಿಲೂ ತುಂಬ್ಕೊಳತ್ತೆ, ಆದ್ರೆ ಗೆಸ್ಟ್‌ಗಳಿಗೆ ಗೊತ್ತಿರೋದು ಆ ಮೆಟ್ಟಿಲೊಂದೇ. ಫೈರ್ ಅಲಾರಂ ಪ್ಯಾನೆಲಲ್ಲಿ ಬೇಸ್‌ಮೆಂಟ್ ಲೈಟ್ ಉರೀತಿದ್ರೆ ಮೊದಲನೇ ಸುತ್ತಿನ ಮೆಟ್ಟಿಲಿನ ಮಾತು ಬಿಟ್ಟು ಅದರ ಜಾಗದಲ್ಲಿ ಇದನ್ನ ಓದಿ, ಎರಡನೇ ಸುತ್ತಲ್ಲೂ ಹಂಗೇ:

ಲಿಫ್ಟ್ ಪಕ್ಕದ ಮೆಟ್ಟಿಲು ಬೇಡ. ಕಾರಿಡಾರ್ ಕೊನೇಲಿರೋ ಮೆಟ್ಟಿಲು ಇಳಿದು ಬನ್ನಿ.

ಡು ನಾಟ್ ಯೂಸ್ ದ ಸ್ಟೇರ್ಸ್ ನಿಯರ್ ದ ಲಿಫ್ಟ್. ಯೂಸ್ ದ ಸ್ಟೇರ್ಸ್ ಅಟ್ ದ ಎಂಡ್ ಆಫ್ ದ ಕಾರಿಡಾರ್.

ಲಿಫ್ಟ್ ಕೇ ಪಾಸ್ ವಾಲೀ ಸೀಢೀ ಮತ್ ಲೀಜಿಯೇ. ಕಾರಿಡಾರ್ ಕೇ ಆಖಿರ್ ವಾಲೀ ಸೀಢೀ ಲೀಜಿಯೇ.

ಲಿಫ್ಟ್ ಪಕ್ಕತ್ತು ಪಡಿ ವೇಂಡಾಂ. ಕಾರಿಡಾರ್ ಕಡೈಸಿ ಪಡಿಯಿಲ ಇರಂಗುಂಗ.

ಲಿಫ್ಟಿನಡುತ್ತುಳ್ಳ ಕೋಣಿ ವೇಂಡ. ಕಾರಿಡಾರಿನ್ಡೆ ಅಟ್ಟತ್ತುಳ್ಳ ಕೋಣಿ ಇರಂಙುಕ.

ಲಿಫ್ಟ್ ಪಕ್ಕನ ಮೆಟ್ಲು ವದ್ದು. ಕಾರಿಡಾರ್ ಚಿವರ ಉನ್ನ ಮೆಟ್ಲು ದಿಗಂಡಿ.

ಆ ಕೊನೇ ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕೋದು, ಅಲ್ಲಿ ಹಳೇ ಹಾಸಿಗೆ ಒರಗಿಸೋದು ಇನ್ಮೇಲೆ ಕಂಡ್ರೆ ನಾನು ಸುಮ್ನಿರಲ್ಲ. 2010ರ ಫೆಬ್ರವರಿ 23ಕ್ಕೆ ಬೆಂಗಳೂರಿನ ಕಾರ್ಲ್‌ಟನ್ ಟವರ್ಸಲ್ಲಿ 9 ಜನ ಸತ್ರಲ್ಲ, ಅಲ್ಲಿ ಹೊಗೆ ತುಂಬಿದಾಗ ಹೊರಗೆ ಹೋಗೋ ದಾರಿ ಮುಚ್ಚಿತ್ತು, ಕೆಲವರು ಕಿಟಕಿಯಿಂದ ಹಾರಿದ್ರು. ಮೈಕಲ್ಲಿ ಮೆಟ್ಟಿಲು ಇಳೀರಿ ಅಂತ ಹೇಳಿ ಬಾಗಿಲು ಬೀಗ ಹಾಕಿದ್ರೆ ಈ ಹಾಳೆ ಯಾಕೆ ಬೇಕು.

ಎರಡೂ ಮೆಟ್ಟಿಲಲ್ಲೂ ಹೊಗೆ ಇದೆ ಅಂತ ಮಹಡಿಯಿಂದ ಯಾರಾದ್ರೂ ಫೋನ್ ಮಾಡಿದ್ರೆ ಹೊರಗೆ ಬನ್ನಿ ಅನ್ನೋದನ್ನ ತಕ್ಷಣ ನಿಲ್ಸಿ. ಆಗ ಇದು, ಇಷ್ಟೇ, ಮತ್ತೆ ಮತ್ತೆ:

ಮೆಟ್ಟಿಲಲ್ಲಿ ಹೊಗೆ ಇದೆ. ರೂಮಲ್ಲೇ ಇರಿ. ಬಾಗಿಲು ಹಾಕಿ. ಕಿಟಕಿ ಹತ್ರ ನಿಲ್ಲಿ.

ಸ್ಮೋಕ್ ಆನ್ ದ ಸ್ಟೇರ್ಸ್. ಸ್ಟೇ ಇನ್ ಯುವರ್ ರೂಮ್. ಶಟ್ ದ ಡೋರ್. ಸ್ಟ್ಯಾಂಡ್ ಬೈ ದ ವಿಂಡೋ.

ಸೀಢಿಯೋ ಪರ್ ಧುಂವಾ ಹೈ. ಕಮರೇ ಮೇ ಹೀ ರಹಿಯೇ. ದರ್ವಾಜಾ ಬಂದ್ ರಖಿಯೇ. ಖಿಡ್ಕೀ ಕೇ ಪಾಸ್ ಖಡೇ ರಹಿಯೇ.

ಪಡಿಯಿಲ ಪುಗೆ ಇರುಕ್ಕು. ರೂಮ್‌ಲಯೇ ಇರುಂಗ. ಕದವ ಮೂಡುಂಗ. ಜನ್ನಲ್ ಕಿಟ್ಟ ನಿಲ್ಲುಂಗ.

ಕೋಣಿಯಿಲ್ ಪುಗ ಉಂಡ್. ಮುರಿಯಿಲ್ ತನ್ನೆ ಇರಿಕ್ಕುಕ. ವಾದಿಲ್ ಅಡಯ್ಕುಕ. ಜನಲಿನಡುತ್ತ್ ನಿಲ್ಕುಕ.

ಮೆಟ್ಲ ಮೀದ ಪೊಗ ಉಂದಿ. ಗದಿಲೋನೇ ಉಂಡಂಡಿ. ತಲುಪು ಮೂಸೇಯಂಡಿ. ಕಿಟಿಕೀ ದಗ್ಗರ ನಿಲಬಡಂಡಿ.

ಆ ರೂಮುಗಳಿಂದ ಫೋನ್ ಬಂದ್ರೆ, ಮತ್ತೆ ಮಂಡಿ ನೋವಿನವರು, ವೀಲ್‌ಚೇರ್‌ನವರು ಇಳಿಯೋಕೆ ಆಗಲ್ಲ ಅಂದ್ರೂ, ಇಷ್ಟು ಹೇಳಿ: “ಗಾಬರಿ ಆಗ್ಬೇಡಿ, ನಿಮ್ಮ ರೂಮ್ ನಂಬರ್ ಬರ್ಕೊಂಡಿದೀನಿ. ಎಸಿ ಆಫ್ ಮಾಡಿ. ಟವಲ್ ಒದ್ದೆ ಮಾಡಿ ಬಾಗಿಲ ಕೆಳಗಿನ ಸಂದಿಗೆ ತುರುಕಿ. ಕಿಟಕಿ ಹತ್ರ ನಿಂತು ಬಿಳಿ ಬಟ್ಟೆ ಬೀಸ್ತಿರಿ. ಫೈರ್‌ನವರಿಗೆ ಮೊದಲು ನಿಮ್ಮ ರೂಮೇ ತೋರಿಸ್ತೀನಿ.” ನಂಬರ್ ನಿಜವಾಗ್ಲೂ ಬರ್ಕೊಳಿ, ಅಂಗೈ ಮೇಲಾದ್ರೂ ಸರಿ.

112ಕ್ಕೆ, ಲೈನ್ ಸಿಗಲಿಲ್ಲ ಅಂದ್ರೆ 101ಕ್ಕೆ: “ಮೈಸೂರು ಧನ್ವಂತರಿ ರಸ್ತೆ ಹೋಟೆಲ್‌ನಿಂದ ಮಾತಾಡ್ತಿರೋದು. ಬೆಂಕಿ ಬಿದ್ದಿದೆ. ಬೇಸ್‌ಮೆಂಟ್, ಗ್ರೌಂಡ್, ಮೇಲೆ ನಾಲ್ಕು ಮಹಡಿ, 52 ರೂಮು. ಒಳಗೆ ಜನ ಇದಾರೆ. ಗೇಟಲ್ಲಿ ನಮ್ಮ ಸೆಕ್ಯುರಿಟಿ ಟಾರ್ಚ್ ಹಿಡ್ಕೊಂಡು ನಿಂತಿರ್ತಾನೆ.” ಅವರು ಫೋನ್ ಇಡೋವರೆಗೆ ನೀವು ಇಡ್ಬೇಡಿ. ಹೋಟೆಲ್ ಹೆಸರು ನಿಮಗೆ ಗೊತ್ತಿದೆ, ಅದನ್ನ ಮೊದಲೇ ಹೇಳಿ.

ಬಾಗಿಲು ಬಡಿಯೋ ಹುಡುಗರಿಗೆ ಭಾಷೆ ಚಿಂತೆ ಬೇಡ, ಜೋರಾಗಿ ಬಡಿದು “ಫೈರ್, ಫೈರ್, ಹೊರಗ್ ಬನ್ನಿ” ಅಂತ ಕೂಗಿ ಮುಂದಿನ ಬಾಗಿಲಿಗೆ ಹೋಗಿ. ದೆಹಲಿಯ ಕರೋಲ್ ಬಾಗ್‌ನ ಹೋಟೆಲಲ್ಲಿ 2019ರ ಫೆಬ್ರವರಿಲಿ 17 ಜನ ಸತ್ತಿದ್ದು ಬೆಳಗಿನ ಜಾವ, ಎಲ್ಲ ಗಾಢ ನಿದ್ದೇಲಿದ್ದಾಗ. ಕಿವಿ ಕೇಳದವರು ಇದ್ರೆ ಚೆಕ್ ಇನ್ ಟೈಮಲ್ಲೇ ರಿಜಿಸ್ಟರಲ್ಲಿ ಗುರುತು ಹಾಕಿರ್ತೀವಲ್ಲ, ಆ ರೂಮಿಗೆ ಮಾತ್ರ ಮಾಸ್ಟರ್ ಕೀಲಿ ಬಾಗಿಲು ತೆಗೆದು ಲೈಟ್ ಹಾಕಿ ಭುಜ ಅಲ್ಲಾಡಿಸಿ ಎಬ್ಬಿಸಿ. ಬಾಗಿಲು ಮುಟ್ಟಿದ್ರೆ ಬಿಸಿ ಇದ್ರೆ ತೆಗೀಬೇಡಿ.

ಹಸಿರು ಬೋರ್ಡ್ ಹತ್ರ ಸೇರಿದ್ಮೇಲೆ ಮೆಗಾಫೋನಲ್ಲಿ: “ನಿಮ್ಮ ರೂಮಿನವರು ಎಲ್ಲ ಬಂದಿದಾರಾ ನೋಡ್ಕೊಳಿ. ಯಾರಾದ್ರೂ ಕಾಣಿಸ್ತಿಲ್ಲ ಅಂದ್ರೆ ನಮಗೆ ಹೇಳಿ. ವಾಪಸ್ ಒಳಗೆ ಹೋಗ್ಬೇಡಿ.” ಇಂಗ್ಲಿಷಲ್ಲಿ: “ಈಸ್ ಎನಿಒನ್ ಮಿಸ್ಸಿಂಗ್ ಫ್ರಮ್ ಯುವರ್ ರೂಮ್? ಟೆಲ್ ಅಸ್. ಡು ನಾಟ್ ಗೋ ಬ್ಯಾಕ್ ಇನ್.” ಹಿಂದೀಲಿ: “ಆಪ್ ಕೇ ಕಮರೇ ಸೇ ಕೋಯೀ ಛೂಟಾ ಹೈ? ಹಮೇ ಬತಾಯಿಯೇ. ಅಂದರ್ ವಾಪಸ್ ಮತ್ ಜಾಯಿಯೇ.” ಉಳಿದ ಭಾಷೆಯವರನ್ನ ಇಲ್ಲಿ ಎದುರಾ ಎದುರೇ ಕೇಳ್ಬೋದು, ರಿಜಿಸ್ಟರ್ ಹಿಡಿದು ರೂಮ್ ನಂಬರ್ ಕೂಗಿ, ಬೆರಳಲ್ಲಿ ಎಷ್ಟು ಜನ ಅಂತ ತೋರಿಸಿದ್ರೂ ಸಾಕು.

ಫೈರ್ ಆಫೀಸರ್ ತಾವೇ ಬಂದು ಸರಿ ಅಂದ್ಮೇಲೆ ಮಾತ್ರ, ಓನರ್ ಫೋನಲ್ಲಿ ಹೇಳಿದ್ರೆ ಅಲ್ಲ: “ಅಪಾಯ ಮುಗಿದಿದೆ. ಈಗ ಒಳಗೆ ಬರಬಹುದು. ಇಟ್ ಈಸ್ ಸೇಫ್ ನೌ. ಯು ಮೇ ಕಮ್ ಇನ್. ಅಬ್ ಖತರಾ ನಹೀ ಹೈ. ಅಂದರ್ ಆ ಸಕ್ತೇ ಹೈ.” ಲಿಫ್ಟ್ ಮಾತ್ರ ಮೆಕ್ಯಾನಿಕ್ ನೋಡೋವರೆಗೆ ಆಫ್ ಇರ್ಲಿ, ಮೂರನೇ ಮಹಡಿ ಅಜ್ಜಿಗೆ ಲಾಬಿಲಿ ಕುರ್ಚಿ ಹಾಕಿ ಒಂದು ಬಿಸಿ ಕಾಫಿ ಕೊಡಿ.