112ಕ್ಕೆ ಕರೆ: ಅರಬೈಲ್ ಘಟ್ಟದಿಂದ, ರಾತ್ರಿ 9.40

ಹಲೋ ಮೇಡಂ, ಅಪಘಾತ ಆಗಿದೆ, ಆಂಬ್ಯುಲೆನ್ಸ್ ಬೇಕು. ಜಾಗ ಮೊದಲು ಬರೆದುಕೊಳ್ಳಿ, ಇಲ್ಲಿ ನೆಟ್‌ವರ್ಕ್ ಯಾವಾಗ ಹೋಗುತ್ತದೋ ಗೊತ್ತಿಲ್ಲ.

ಉತ್ತರ ಕನ್ನಡ ಜಿಲ್ಲೆ, ಯಲ್ಲಾಪುರ ತಾಲೂಕು, ಅರಬೈಲ್ ಘಟ್ಟ. ರಾಷ್ಟ್ರೀಯ ಹೆದ್ದಾರಿ 52, ಅಂಕೋಲಾದಿಂದ ಹುಬ್ಬಳ್ಳಿಗೆ ಹೋಗುವ ರಸ್ತೆ. ಶಿರಸಿ ಕಡೆಯ ದೇವಿಮನೆ ಘಟ್ಟ ಅಲ್ಲ, ಅರಬೈಲ್.

ನಾವು ಅಂಕೋಲಾ ಕಡೆಯಿಂದ ಮೇಲೆ ಹತ್ತುತ್ತಿದ್ದೆವು. ರಾಮನಗುಳಿ ಆಯ್ತು, ಗುಳ್ಳಾಪುರ ಆಯ್ತು, ಆಮೇಲೆ ಘಟ್ಟ ಶುರುವಾಯ್ತು. ಹಳದಿ ತಲೆಯ ಕಿಲೋಮೀಟರ್ ಕಲ್ಲು ದಾಟಿದ್ದೇವೆ, ಅದರ ಮೇಲೆ "ಯಲ್ಲಾಪುರ 15" ಅಂತ ಇದೆ. ನನ್ನ ತಮ್ಮ ಟಾರ್ಚ್ ಹಿಡಿದು ವಾಪಸ್ ನಡೆದು ಹೋಗಿ ಓದಿಕೊಂಡು ಬಂದಿದ್ದಾನೆ. ಆ ಕಲ್ಲಿನಿಂದ ಯಲ್ಲಾಪುರ ಕಡೆಗೆ 280 ಹೆಜ್ಜೆ, ಅಂದರೆ ಸುಮಾರು 200 ಮೀಟರ್ ಮುಂದೆ ನಾವಿದ್ದೇವೆ.

– ಅಂಕೋಲಾದಿಂದ 15 ಕಿಲೋಮೀಟರ್, ಅಲ್ವಾ?

ಅಲ್ಲ ಮೇಡಂ, ಅಲ್ಲ! ಯಲ್ಲಾಪುರಕ್ಕೆ 15. ಅಂಕೋಲಾದಿಂದ ಲೆಕ್ಕ ಹಾಕಿದರೆ ಗಾಡಿ ಘಟ್ಟದ ಕೆಳಗೇ ಹುಡುಕುತ್ತಾ ನಿಲ್ಲುತ್ತದೆ. ಯಲ್ಲಾಪುರದಿಂದಲೇ ಕಳಿಸಿ, ಅದೇ ಹತ್ತಿರ. ಮೇಲಿನಿಂದ ಇಳಿದು ಬರುವವರಿಗೆ ನಾವು 15ರ ಕಲ್ಲಿಗಿಂತ ಮೊದಲೇ ಸಿಗುತ್ತೇವೆ, ಅವರ ಬಲಗಡೆ. ಕಲ್ಲು ದಾಟಿದರೆ ಮುಂದೆ ಬಂದುಬಿಟ್ಟಿದ್ದಾರೆ ಅಂತಲೇ ಅರ್ಥ, ಡ್ರೈವರಿಗೆ ಇದನ್ನು ಹೇಳಿ.

– ಹತ್ತಿರ ಗುರುತು ಏನಾದರೂ ಇದೆಯಾ?

ಬಲಕ್ಕೆ ತಿರುಗುವ ದೊಡ್ಡ ತಿರುವು ಮುಗಿದ ಕೂಡಲೇ ನಾವಿರುವುದು. ನಮ್ಮ ಎಡಕ್ಕೆ ಗುಡ್ಡ, ಬಲಕ್ಕೆ ಕಪ್ಪು ಬಿಳಿ ಬಣ್ಣ ಹೊಡೆದ ತಡೆಗೋಡೆ, ಅದರ ಆಚೆ ಕಣಿವೆ. ಬಿಳಿ ಕಾರು, ಎಡಗಡೆ ಚರಂಡಿಗೆ ಇಳಿದಿದೆ, ನಾಲ್ಕೂ ಇಂಡಿಕೇಟರ್ ಹಾಕಿಟ್ಟಿದ್ದೇವೆ. ಎದುರಿಗೆ ಒಂದು ಲಾರಿ ನಿಂತಿದೆ, ಆದರೆ ಅದನ್ನು ಗುರುತು ಅಂತ ಬರೆಯಬೇಡಿ, ಹೊರಟುಬಿಡಬಹುದು. ಮ್ಯಾಪ್ ತೆರೆದು ನೋಡಿದೆ, ಚುಕ್ಕೆ ಒಂದು ಕಡೆ ನಿಲ್ಲುತ್ತಿಲ್ಲ, ಕಲ್ಲನ್ನೇ ನಂಬಿ.

– ಎಷ್ಟು ಜನ? ಯಾರಿಗೆ ಪೆಟ್ಟು?

ಮೂವರು. ನಮ್ಮ ಅತ್ತೆಗೆ 68 ವರ್ಷ, ಬಲಗಾಲು ಊರಲು ಆಗುತ್ತಿಲ್ಲ, ಮೊಣಕಾಲಿನ ಕೆಳಗೆ ಬಾತುಕೊಂಡಿದೆ. ಎಚ್ಚರ ಇದ್ದಾರೆ, ಮಾತಾಡುತ್ತಿದ್ದಾರೆ, ರಕ್ತ ಜಾಸ್ತಿ ಹೋಗಿಲ್ಲ. ನಾವಿಬ್ಬರೂ ಸರಿಯಿದ್ದೇವೆ. ಅವರನ್ನು ಎಳೆದಾಡಿಲ್ಲ, ಹಿಂದಿನ ಸೀಟಿನಲ್ಲೇ ಕೂರಿಸಿದ್ದೇವೆ. ಮಳೆ ಜೋರಾಗಿದೆ, ತಿರುವಿನಲ್ಲಿ ಹಿಂದಿನಿಂದ ಬರುವ ಲಾರಿಗೆ ನಮ್ಮ ಕಾರು ಕಾಣುವುದೇ ಇಲ್ಲ, ಅದೇ ಭಯ. ಪೊಲೀಸರನ್ನೂ ಕಳಿಸಿ. ತಮ್ಮ ತಿರುವಿನ ಆಚೆ, ಗುಡ್ಡದ ಬದಿಗೆ ಒತ್ತಿಕೊಂಡು ಟಾರ್ಚ್ ಬೀಸುತ್ತಿದ್ದಾನೆ.

– ಅರಬೈಲ್ ಘಟ್ಟ, ಯಲ್ಲಾಪುರ 15ರ ಕಲ್ಲು, ಅಲ್ಲಿಂದ 200 ಮೀಟರ್ ಅಂಕೋಲಾ ಕಡೆಗೆ…

ಯಲ್ಲಾಪುರ ಕಡೆಗೆ ಮೇಡಂ. ಮೇಲಕ್ಕೆ.

– ಯಲ್ಲಾಪುರ ಕಡೆಗೆ 200 ಮೀಟರ್, ಬಿಳಿ ಕಾರು, ಗುಡ್ಡದ ಬದಿ ಚರಂಡಿ.

ಹೌದು, ಈಗ ಸರಿ. ಇದೇ ನಂಬರಿಗೆ ಫೋನ್ ಮಾಡಿ, ಬ್ಯಾಟರಿ 22 ಇದೆ, ಬೇರೆ ಯಾರಿಗೂ ಮಾಡುವುದಿಲ್ಲ.