ಸೋಮವಾರ ಪಂಚಮಿ ದಿನದ ಬದಲಿ ಡ್ಯೂಟಿ ಬಗ್ಗೆ

ನಮಸ್ಕಾರ ಸರ್,

ಬೆಳಿಗ್ಗೆ ನೀವು ಫೋನ್ ಮಾಡಿದಾಗ ಕೌಂಟರ್‌ನಲ್ಲಿ ಗದ್ದಲ ಇತ್ತು. ಸರಿಯಾಗಿ ಮಾತಾಡಲು ಆಗಲಿಲ್ಲ, ಅದಕ್ಕೆ ಈಗ ಬರೆಯುತ್ತಿದ್ದೇನೆ. ಸೋಮವಾರ ಮಧ್ಯಾಹ್ನದ ಪಾಳಿ ನನ್ನಿಂದ ಆಗುವುದಿಲ್ಲ ಸರ್. ನೋಡುತ್ತೇನೆ ಅಂತ ಹೇಳಿ ನಿಮ್ಮನ್ನು ಕಾಯಿಸುವುದಕ್ಕಿಂತ ಈಗಲೇ ಹೇಳಿಬಿಡುವುದು ಒಳ್ಳೆಯದು.

ಕಾರಣ ನನ್ನ ತಂಗಿ. ಮದುವೆಯಾದ ಮೇಲೆ ಇದು ಅವಳ ಮೊದಲನೇ ಪಂಚಮಿ. ಅವಳನ್ನು ಕೊಟ್ಟಿರುವುದು ರಾಣೆಬೆನ್ನೂರಿಗೆ. ಕರೆದುಕೊಂಡು ಬರಲು ಅಣ್ಣನೇ ಹೋಗಬೇಕು, ಇರುವವನು ನಾನೊಬ್ಬನೇ. ಅಪ್ಪನಿಗೆ ಮೊಣಕಾಲು ನೋವು, ಬಸ್ಸಿನಲ್ಲಿ ಅಷ್ಟು ದೂರ ಕೂರುವುದು ಆಗುವುದಿಲ್ಲ. ಶನಿವಾರ ಡ್ಯೂಟಿ ಮುಗಿಸಿಕೊಂಡು ಹೋಗಿ, ರಾತ್ರಿ ಬೀಗರ ಮನೆಯಲ್ಲಿ ಉಳಿದು, ಭಾನುವಾರ ನಸುಕಿನಲ್ಲಿ ಹೊರಟರೆ ನಾಗಪ್ಪನಿಗೆ ಹಾಲೆರೆಯುವ ಹೊತ್ತಿಗೆ ಊರು ಮುಟ್ಟುತ್ತೇವೆ.

'ಹಾಲೆರೆಯುವುದು ಭಾನುವಾರವೇ ಮುಗಿಯುತ್ತದಲ್ಲ, ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ತಾಸಿನ ದಾರಿ' ಅಂದಿರಿ. ದಾರಿ ಹತ್ತಿರದ್ದೇ, ನಿಜ. ಆದರೆ ಸೋಮವಾರ ಅಳಿಯ ಮತ್ತು ಬೀಗರು ನಮ್ಮ ಮನೆಗೆ ಮೊದಲ ಸಲ ಹಬ್ಬದ ಊಟಕ್ಕೆ ಬರುತ್ತಿದ್ದಾರೆ. ಅವರು ಎಲೆ ಮುಂದೆ ಕೂತಾಗ ಮನೆ ಮಗ ಪಾಳಿ ಇದೆ ಅಂತ ಎದ್ದು ಹೋದರೆ ಹೇಗಿರುತ್ತದೆ, ನೀವೇ ಹೇಳಿ. ನಮ್ಮಲ್ಲಿ ಇಂಥದನ್ನು ಮಾತಾಡಿ ತೋರಿಸುವುದಿಲ್ಲ, ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ! ಅವ್ವ ಆಗಲೇ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿಟ್ಟಿದ್ದಾಳೆ. ರವೆ ಉಂಡಿ ಬಾಕಿ. ತಂಗಿ ಮಾತ್ರ ದಿನಾ ಫೋನ್ ಮಾಡಿ ಜೋಕಾಲಿಗೆ ಹಗ್ಗ ತಂದೆಯಾ ಅಂತಲೇ ಕೇಳುತ್ತಾಳೆ. ಬೇವಿನ ಮರದ ಕೊಂಬೆ ನೋಡಿ ಹಗ್ಗ ಕಟ್ಟುವುದು ನನ್ನ ಕೆಲಸ. ಅಪ್ಪ ಹತ್ತಲಾರ.

ಡಬಲ್ ಪಗಾರ ಕೊಡಿಸುತ್ತೇನೆ ಅಂದಿರಿ, ಅದಕ್ಕೆ ಥ್ಯಾಂಕ್ಸ್ ಸರ್. ಬೇರೆ ದಿನವಾಗಿದ್ದರೆ ಎರಡನೇ ಮಾತು ಆಡುತ್ತಿರಲಿಲ್ಲ. ದೀಪಾವಳಿ ಪಾಡ್ಯದ ದಿನ ಯಾರೂ ಸಿಗದಾಗ ನಾನೇ ನಿಂತಿದ್ದು ನಿಮಗೆ ಗೊತ್ತಿದೆ. ಸೋಮವಾರದ ಸೂಟಿಯನ್ನೂ ಹೋದ ತಿಂಗಳೇ ಬರೆದು ಕೊಟ್ಟಿದ್ದೆ, ನೀವೂ ಮಂಜೂರು ಮಾಡಿದ್ದೀರಿ.

ನಿಮ್ಮ ತೊಂದರೆಯೂ ನನಗೆ ಅರ್ಥವಾಗುತ್ತದೆ. ಹೆಲ್ಪರ್ ಹುಡುಗರನ್ನು ಕೂರಿಸಿ ಅಂಗಡಿ ನಡೆಸಲು ಬರುವುದಿಲ್ಲ, ಚೀಟಿಯ ಔಷಧಿ ಕೊಡುವಾಗ ರಿಜಿಸ್ಟರ್ಡ್ ಫಾರ್ಮಸಿಸ್ಟ್ ಇರಲೇಬೇಕು. ಅದಕ್ಕೇ ನಿಮಗೆ ಬರೆಯುವ ಮೊದಲು ಇಬ್ಬರನ್ನು ಕೇಳಿದೆ. ಸವಿತಾ ಮೇಡಂ ಬೆಳಗಿನ ಪಾಳಿ ಮುಗಿದ ಮೇಲೆ ಸಂಜೆ ಆರರವರೆಗೆ ಇರುತ್ತೇನೆ ಅಂದರು. ಅವರ ಮನೆಯಲ್ಲಿ ಹಬ್ಬ ಭಾನುವಾರಕ್ಕೇ ಮುಗಿಯುತ್ತದಂತೆ. ರಾತ್ರಿ ಪಾಳಿಯ ಇಮ್ರಾನ್ ಭಾಯ್ ಹತ್ತರ ಬದಲು ಆರಕ್ಕೇ ಬರಲು ಒಪ್ಪಿದ್ದಾರೆ, ನೀವು ಒಂದು ಮಾತು ಹೇಳಿದರೆ ಸಾಕಂತೆ. ಆದರೆ ಅವರಿಗೆ ಪಂಚಮಿ ಇಲ್ಲ ಅಂತ ಪ್ರತಿ ಸಲ ಅವರ ಮೇಲೇ ಹೊರೆ ಹಾಕುವುದು ಸರಿಯಲ್ಲ ಅಲ್ವಾ? ಮುಂದಿನ ವಾರ ಅವರ ಒಂದು ರಾತ್ರಿ ನಾನು ಮಾಡಿಕೊಡುತ್ತೇನೆ, ಅವರಿಗೂ ಹೇಳಿದ್ದೇನೆ. ಇಬ್ಬರದೂ ಹೆಚ್ಚಿನ ತಾಸು ಆಗುವುದರಿಂದ ನನಗೆ ಕೊಡಬೇಕೆಂದಿದ್ದ ಡಬಲ್ ಲೆಕ್ಕವನ್ನು ಅವರಿಗೇ ಹಾಕಿಸಿ, ದಯವಿಟ್ಟು.

ಗಣೇಶ ಚೌತಿಯ ದಿನ ಬೇಕಾದರೆ ನನ್ನ ಹೆಸರು ಈಗಲೇ ಬರೆದುಕೊಳ್ಳಿ. ನಮ್ಮ ಮನೆಯಲ್ಲಿ ಗಣಪತಿ ಕೂರಿಸುವ ಪದ್ಧತಿ ಇಲ್ಲ. ಹುಬ್ಬಳ್ಳಿಯವರಿಗೆ ಅವತ್ತು ಸೂಟಿ ಎಷ್ಟು ಬೇಕಾಗುತ್ತದೆ ಅಂತ ನಿಮಗೂ ಗೊತ್ತು.

ಶನಿವಾರ ಹೊರಡುವ ಮುಂಚೆ ನನ್ನ ಕಡೆಯ ಕೆಲಸ ಬಾಕಿ ಇಡುವುದಿಲ್ಲ. ಶೆಡ್ಯೂಲ್ ಎಚ್1 ರಿಜಿಸ್ಟರ್ ಅವತ್ತಿನವರೆಗೆ ಬರೆದಿರುತ್ತೇನೆ. ಇನ್ಸುಲಿನ್ ಫ್ರಿಜ್ಜಿನ ಟೆಂಪರೇಚರ್ ಈ ವಾರ ಸ್ವಲ್ಪ ಏರುಪೇರು ಆಗುತ್ತಿದೆ. ಬಾಗಿಲಿನ ರಬ್ಬರ್ ಸಡಿಲಾಗಿದೆ, ಒತ್ತಿ ಹಾಕದಿದ್ದರೆ 8 ಡಿಗ್ರಿ ದಾಟುತ್ತದೆ. ಸೋಮವಾರ ಇರುವವರು ತಾಸಿಗೊಮ್ಮೆ ನೋಡಲಿ ಅಂತ ಫ್ರಿಜ್ಜಿನ ಮೇಲೇ ಚೀಟಿ ಅಂಟಿಸುತ್ತೇನೆ. ಮೆಕ್ಯಾನಿಕ್‌ನನ್ನು ಅದಕ್ಕೂ ಮೊದಲೇ ಕರೆಸಿದರೆ ಇನ್ನೂ ಒಳ್ಳೆಯದು. ಸ್ಟಾಕ್ ರೂಮಿನ ಕೀಲಿ ಸವಿತಾ ಮೇಡಂ ಕೈಗೆ ಕೊಡುತ್ತೇನೆ. ಏನಾದರೂ ಸಿಗದಿದ್ದರೆ ಫೋನ್ ಮಾಡಲಿ, ಊಟದ ಹೊತ್ತು ಬಿಟ್ಟು ಯಾವಾಗ ಬೇಕಾದರೂ ಎತ್ತುತ್ತೇನೆ.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಕೌಂಟರ್‌ನಲ್ಲಿ ಇರುತ್ತೇನೆ. ಸವಿತಾ ಮೇಡಂ ಮತ್ತು ಇಮ್ರಾನ್ ಭಾಯ್ ಅವರದ್ದು ನಿಮಗೆ ಒಪ್ಪಿಗೆಯಾದರೆ ಇವತ್ತು ಸಂಜೆಯೊಳಗೆ ಗ್ರೂಪಿಗೆ ಹೊಸ ಚಾರ್ಟ್ ಹಾಕಿಬಿಡಿ ಸರ್, ಅವರೂ ಮನೆಯಲ್ಲಿ ಹೇಳಿಕೊಳ್ಳಬೇಕು.

ನಿಮ್ಮ,
ಮಂಜುನಾಥ
ಫಾರ್ಮಸಿ ಕೌಂಟರ್, ಬೆಳಗಿನ ಪಾಳಿ