ಒಂದು ರೆಫರಲ್ ಕೇಳೋದಿತ್ತು, ಆಗಲ್ಲ ಅಂದ್ರೂ ಸರಿ

ವೀಣಾ,

ನಿಮ್ಮ ಕಂಪನಿಯ ಪೇಮೆಂಟ್ಸ್ ತಂಡಕ್ಕೆ ಸೀನಿಯರ್ ಟೆಸ್ಟ್ ಇಂಜಿನಿಯರ್ ಬೇಕು ಅಂತ ಹಾಕಿದಾರೆ, ಜಾಬ್ ಐಡಿ JR-20418. ಅದಕ್ಕೆ ನನ್ನನ್ನ ರೆಫರ್ ಮಾಡ್ತೀಯಾ ಅಂತ ಕೇಳೋಕೆ ಬರೀತಿದೀನಿ. ನಿಮ್ಮ ರೆಫರಲ್ ಪೋರ್ಟಲ್‌ನಲ್ಲಿ ನನ್ನ ಹೆಸರು, ರೆಸ್ಯೂಮೆ ಹಾಕಿ, ನಾವು ಹೇಗೆ ಪರಿಚಯ ಅಂತ ಎರಡು ಸಾಲು ಬರೆದ್ರೆ ಸಾಕು. ಮ್ಯಾನೇಜರ್ ಹತ್ರ ಮಾತಾಡೋದಾಗಲಿ, ಏನಾಯ್ತು ಅಂತ ಎಚ್‌ಆರ್‌ನ ವಿಚಾರಿಸೋದಾಗಲಿ ಬೇಡ. ಅದೆಲ್ಲ ನನ್ನ ಪಾಡು.

ಆಗಲ್ಲ ಅನ್ನೋದಾದ್ರೆ "ಈ ಸಲ ಬೇಡ ಕಣೇ" ಅಂತ ಒಂದು ಸಾಲು ಕಳಿಸು. ಕಾರಣ ಹೇಳೋದು ಬೇಡ, ನಾನೂ ಕೇಳಲ್ಲ. ಅಷ್ಟು ಬರೆಯೋದೂ ಕಷ್ಟ ಅನ್ನಿಸಿದ್ರೆ ಸುಮ್ಮನೆ ಬಿಟ್ಟುಬಿಡು. ಗುರುವಾರ ರಾತ್ರಿವರೆಗೂ ನಿನ್ನಿಂದ ಏನೂ ಬರಲಿಲ್ಲ ಅಂದ್ರೆ ಬೇಡ ಅಂತಲೇ ಅರ್ಥ ಮಾಡ್ಕೊಂಡು, ಶುಕ್ರವಾರ ಬೆಳಿಗ್ಗೆ ನಾನೇ ನೇರವಾಗಿ ಅರ್ಜಿ ಹಾಕ್ತೀನಿ. ಕೊನೇ ದಿನ ಸೋಮವಾರ, ಹಾಗಾಗಿ ಯಾವ ದಾರಿಯಲ್ಲೂ ನನಗೆ ಅವಕಾಶ ತಪ್ಪಲ್ಲ. ಈಗಲೇ ಯಾಕೆ ಹಾಕಿಲ್ಲ ಅಂದ್ರೆ, ಎಷ್ಟೋ ಕಂಪನಿಗಳಲ್ಲಿ ನಾವೇ ಒಂದು ಸಲ ಅರ್ಜಿ ಹಾಕಿಬಿಟ್ರೆ ಆಮೇಲೆ ಅದಕ್ಕೆ ರೆಫರಲ್ ಸೇರಿಸೋಕೆ ಬರಲ್ಲ. ಅದಕ್ಕೇ ನಾಲ್ಕು ದಿನ ತಡೆದಿದೀನಿ.

ಫೋನ್ ಮಾಡಬಹುದಿತ್ತು. ಬೇಕಂತಲೇ ಮಾಡಲಿಲ್ಲ. ಹೋದ ವರ್ಷ ನನ್ನ ಹಳೇ ಪರಿಚಯದವರೊಬ್ಬರು ಹೀಗೇ ಫೋನ್‌ನಲ್ಲಿ ಕೇಳಿದ್ರು. ಅವರ ಕೆಲಸ ನಾನು ನೋಡೇ ಇರಲಿಲ್ಲ. ಆದ್ರೂ ಅವರ ದನಿ ಕಿವಿಯಲ್ಲಿರುವಾಗ ಇಲ್ಲ ಅನ್ನೋಕೆ ಬಾಯೇ ಬರಲಿಲ್ಲ, ಹೂಂ ಅಂದುಬಿಟ್ಟೆ. ಆಮೇಲೆ ಪೋರ್ಟಲ್‌ನಲ್ಲಿ "ಈ ವ್ಯಕ್ತಿಯ ಕೆಲಸ ನಿಮಗೆ ಎಷ್ಟು ಗೊತ್ತು" ಅನ್ನೋ ಪ್ರಶ್ನೆ ಬಂದಾಗ ಹತ್ತು ನಿಮಿಷ ಕೂತು, ಹಾಗೂ ಅಲ್ಲದ ಹೀಗೂ ಅಲ್ಲದ ಒಂದು ಸಾಲು ಬರೆದೆ. ಅವರಿಗೂ ಅದರಿಂದ ಏನೂ ಉಪಯೋಗ ಆಗಲಿಲ್ಲ, ನನಗೂ ವಾರಗಟ್ಟಲೆ ಮನಸ್ಸಿಗೆ ಕಿರಿಕಿರಿ. ನಿನ್ನನ್ನ ಆ ಇಕ್ಕಟ್ಟಿಗೆ ಸಿಕ್ಕಿಸೋಕೆ ನನಗೆ ಇಷ್ಟ ಇಲ್ಲ.

ನೀನು ಯೋಚನೆ ಮಾಡಬೇಕಾದ ಒಂದು ವಿಷಯ ನಾನೇ ಹೇಳಿಬಿಡ್ತೀನಿ. ನಾವು ಒಟ್ಟಿಗೆ ಕೆಲಸ ಮಾಡಿದ್ದು 2019ರಿಂದ 2021ರವರೆಗೆ. ಅದಾದ ಮೇಲಿನ ನನ್ನ ಕೆಲಸ ನೀನು ನೋಡಿಲ್ಲ, ನಾನು ಹೇಳಿದ್ದಷ್ಟೇ ಗೊತ್ತು. ರೆಫರ್ ಮಾಡಿದ್ರೆ ಪಕ್ಕದಲ್ಲಿ ನಿನ್ನ ಹೆಸರು ಇರುತ್ತೆ. ನೋಡಿದ್ದಷ್ಟೇ ಬರೀತೀನಿ ಅನ್ನೋದಾದ್ರೆ ನನಗೆ ಅದೇ ಬೇಕಾಗಿರೋದು. ಈಗಾಗಲೇ ಬೇರೆ ಯಾರನ್ನಾದ್ರೂ ಇದೇ ಕೆಲಸಕ್ಕೆ ಹಾಕಿರಬಹುದು, ಆ ತಂಡದ ಜೊತೆ ನಿನಗೆ ಏನೋ ಸರಿ ಇಲ್ಲದೇ ಇರಬಹುದು, ಅಥವಾ ಗೆಳೆತನ, ಕೆಲಸ ಎರಡನ್ನೂ ಬೆರೆಸೋದು ಬೇಡ ಅಂತ ಇರಬಹುದು. ಎಲ್ಲವೂ ನ್ಯಾಯವಾದ ಕಾರಣಗಳೇ. ಯಾವುದು ಅಂತ ನನಗೆ ಗೊತ್ತಾಗಬೇಕಿಲ್ಲ.

ಜಾಹೀರಾತನ್ನ ಮೂರು ಸಲ ಓದಿದೆ. ಎಪಿಐ ಟೆಸ್ಟಿಂಗ್, ಆಟೊಮೇಷನ್, ಪೇಮೆಂಟ್ಸ್ ಅನುಭವ ಮೂರೂ ಕೇಳಿದಾರೆ, ಮೂರೂ ಇದೆ. ಈಗಿನ ಕೆಲಸದಲ್ಲಿ ರಿಗ್ರೆಷನ್ ಸೂಟ್ ಪೂರ್ತಿ ನನ್ನ ಕೈಯಲ್ಲೇ ಇದೆ. ಮೊದಲು ಆರು ಗಂಟೆ ಓಡ್ತಿತ್ತು. ಟೆಸ್ಟ್‌ಗಳನ್ನ ಒಂದರ ಡೇಟಾ ಇನ್ನೊಂದಕ್ಕೆ ತಗುಲದ ಹಾಗೆ ಬಿಡಿಸಿ, ಪ್ಲೇರೈಟ್‌ಗೆ ತಂದು, ಒಟ್ಟೊಟ್ಟಿಗೆ ಓಡೋ ಹಾಗೆ ಮಾಡಿದ ಮೇಲೆ 50 ನಿಮಿಷ. ಕಾರಣವಿಲ್ಲದೇ ಒಮ್ಮೆ ಪಾಸ್ ಒಮ್ಮೆ ಫೇಲ್ ಆಗ್ತಿದ್ದ ಟೆಸ್ಟ್‌ಗಳೇ ನನ್ನ ಅರ್ಧ ವರ್ಷ ತಿಂದವು. ಅವರು ಕೇಳಿರೋದ್ರಲ್ಲಿ ನನಗೆ ಇಲ್ಲದಿರೋದು ಮೊಬೈಲ್ ಆ್ಯಪ್ ಟೆಸ್ಟಿಂಗ್. "ಇದ್ದರೆ ಒಳ್ಳೆಯದು" ಅನ್ನೋ ಪಟ್ಟಿಯಲ್ಲಿದೆ, ಆದ್ರೂ ರೆಸ್ಯೂಮೆಯಲ್ಲಿ ಅದನ್ನ ಇದೆ ಅನ್ನೋ ಹಾಗೆ ಬರೆದಿಲ್ಲ. ನೋಟಿಸ್ ಪೀರಿಯಡ್ 60 ದಿನ.

ನೀನು ಹೂಂ ಅಂದ್ರೆ ಬರೆಯೋ ಕೆಲಸ ಮೊದಲಿಂದ ನಿನ್ನ ತಲೆ ಮೇಲೆ ಬೀಳಬಾರದು ಅಂತ ಕೆಳಗೆ ಒಂದು ಕರಡು ಇಟ್ಟಿದೀನಿ. ಇದರಲ್ಲಿ ನೀನು ಕಣ್ಣಾರೆ ನೋಡಿದ್ದು ಬಿಟ್ಟು ಬೇರೇನೂ ಹಾಕಿಲ್ಲ. ನೆನಪಿಗೆ ಹೊಂದದ ಪದ ಇದ್ರೆ ಹೊಡೆದುಹಾಕು, ಪೂರ್ತಿ ಬೇರೆ ಬರೆದ್ರೂ ಸರಿ. ಇದರದ್ದೇ ಇಂಗ್ಲಿಷ್ ರೂಪ ರೆಸ್ಯೂಮೆ ಜೊತೆ ಅಟ್ಯಾಚ್ ಮಾಡಿದೀನಿ.

"ಸುಧಾ ಮತ್ತು ನಾನು 2019ರಿಂದ 2021ರವರೆಗೆ ಒಂದೇ ತಂಡದಲ್ಲಿದ್ದೆವು, ನಾನು ಡೆವಲಪರ್, ಅವರು ಟೆಸ್ಟರ್. ಹಣ ಕಡಿತವಾದ ಮೇಲೆ ಉತ್ತರ ಬರುವಷ್ಟರಲ್ಲಿ ನೆಟ್‌ವರ್ಕ್ ಕಡಿದುಹೋದರೆ ಏನಾಗುತ್ತದೆ ಎಂದು ಅವರು ಬರೆದ ಟೆಸ್ಟ್‌ನಿಂದ, ರಿಟ್ರೈ ಆದಾಗ ಗ್ರಾಹಕರಿಗೆ ಎರಡು ಸಲ ಹಣ ಕಡಿತವಾಗುವ ದೋಷ ಬಿಡುಗಡೆಗೆ ಮುಂಚೆಯೇ ಸಿಕ್ಕಿತು. ದೋಷ ತೋರಿಸಿ ಸುಮ್ಮನಾಗದೆ, ಕಾರಣ ಹುಡುಕುವವರೆಗೂ ಜೊತೆಗಿದ್ದರು. 2021ರ ನಂತರ ಅವರೊಂದಿಗೆ ಕೆಲಸ ಮಾಡಿಲ್ಲ."

ಆ ಸಂಜೆ ನಿನಗೂ ನೆನಪಿರುತ್ತೆ. ಒಂದೇ ಆರ್ಡರ್‌ಗೆ ಲಾಗ್‌ನಲ್ಲಿ ಎರಡು ಎಂಟ್ರಿ, ನಡುವೆ ಮೂರೇ ಸೆಕೆಂಡ್ ಅಂತರ. ಐಡೆಂಪೊಟೆನ್ಸಿ ಕೀ ಇದೆಯಲ್ಲ, ಹೇಗೆ ಎರಡು ಸಲ ಆಗುತ್ತೆ ಅಂತ ನೀನು, ಆಗಿದೆಯಲ್ಲ ನೋಡು ಅಂತ ನಾನು. ಕೊನೆಗೆ ರಿಟ್ರೈ ಆದಾಗಲೆಲ್ಲ ಹೊಸ ಕೀ ಹುಟ್ಟುತ್ತಿದೆ, ಸರ್ವರ್ ಅದನ್ನ ಬೇರೆಯೇ ಪೇಮೆಂಟ್ ಅಂತ ತಿಳ್ಕೊಳ್ತಿದೆ ಅಂತ ಗೊತ್ತಾದಾಗ ನೀನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತೆ. ಕೀನ ಆರ್ಡರ್ ಜೊತೆಗೇ ಉಳಿಸಿಡೋ ಹಾಗೆ ಅವತ್ತೇ ತಿದ್ದಿದೆ. ಪೇಮೆಂಟ್ಸ್ ಕೆಲಸವನ್ನೇ ಮಾಡಬೇಕು ಅಂತ ನನಗೆ ಅನ್ನಿಸಿದ್ದು ಅವತ್ತಿನಿಂದ. ಈಗಿರೋ ಕಡೆ ಪೇಮೆಂಟ್ಸ್ ಪ್ರಾಜೆಕ್ಟ್ ಮುಗೀತಾ ಬಂತು, ಮುಂದಿನದು ಅದಕ್ಕೆ ಸಂಬಂಧವೇ ಇಲ್ಲದ್ದು. ಬದಲಾಯಿಸೋಕೆ ಹೊರಟಿರೋದು ಅದಕ್ಕೇ, ಜಗಳ ಗಿಗಳ ಏನೂ ಇಲ್ಲ.

ಇಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ನಮ್ಮ ಹಳೇ ತಂಡದ ಗ್ರೂಪ್‌ನಲ್ಲಿ ನನ್ನ ಈಗಿನ ಆಫೀಸಿನವರೂ ಇಬ್ಬರಿದಾರೆ, ಆದ್ದರಿಂದ ಇದು ನಿನ್ನಲ್ಲೇ ಇರಲಿ.

ಮುಂದಿನ ತಿಂಗಳು ಎಲ್ಲರೂ ಸೇರಿದಾಗ ಈ ಮಾತು ನಾನಾಗಿ ಎತ್ತಲ್ಲ. ನೀನು ರೆಫರ್ ಮಾಡಿ ಅವರು ತಗೊಳ್ಳದೇ ಇದ್ರೂ ಅಷ್ಟೇ, ನೀನು ಮಾಡದೇ ಇದ್ರೂ ಅಷ್ಟೇ. ನಿನ್ನ ಮಗಳ ಈಜು ಕ್ಲಾಸ್ ಎಲ್ಲಿಗೆ ಬಂತು, ನೀರಿಗೆ ತಲೆ ಮುಳುಗಿಸೋ ಭಯ ಹೋಯ್ತಾ ಅಂತ ಕೇಳೋದಿದೆ, ಅದನ್ನ ಮಾತ್ರ ಖಂಡಿತ ಕೇಳ್ತೀನಿ.

ಪೋರ್ಟಲ್‌ನಲ್ಲಿ ನನ್ನ ಇಮೇಲ್ ಕೇಳಿದ್ರೆ ಈ ಪತ್ರ ಬಂದಿರೋ ವಿಳಾಸವನ್ನೇ ಹಾಕು, ಆಫೀಸಿನದು ಬೇಡ. ಹಾಕಿದ ಮೇಲೆ "ಹಾಕಿದೆ" ಅಂತ ಒಂದು ಮೆಸೇಜ್ ಬಂದ್ರೆ ಸಾಕು, ನಾನು ಇನ್ನೊಂದು ಸಲ ಅರ್ಜಿ ಹಾಕದೇ ಸುಮ್ಮನಿರ್ತೀನಿ.

ಸುಧಾ